ಮೂರನೆಯ ಸ್ವರ ಮತ್ತು ಎರಡರ ಮಗ್ಗಿ

ನಿವೃತ್ತಿಯಾದ ಮೇಲೆ ನಾನು ಚೀನಾ ಭಾಷೆ ಕಲಿಸಿದೆ ಎಂದರೆ ಯಾರೂ ನಂಬುವುದಿಲ್ಲ. ನನ್ನ ಗಂಡ ಈಗಲೂ ನಂಬುವುದಿಲ್ಲ. ನಾನು ಊಟದ ಮನೆಯಲ್ಲಿ ಕೂತು ಅಭ್ಯಾಸದ ಹಾಳೆ ತಿದ್ದುವಾಗ ಅವರು ಎದುರಿಗೇ ಚಹಾ ಕುಡಿಯುತ್ತ ಇದ್ದರು, ಆದರೂ ನಂಬುವುದಿಲ್ಲ. ‘ಕನ್ನಡಾನ ಹೊಡೆದು ಕಲಿಸಿದಾಕಿ, ಚೀನಾ ಏನ್ ಕಲಿಸ್ತೀ’ ಎನ್ನುತ್ತಿದ್ದರು. ಹೊಡೆದು ಕಲಿಸಿದೆ ಎನ್ನುವುದು ಸುಳ್ಳು. ಹೊಡೆದದ್ದು ಹೌದು, ಆದರೆ ಕಲಿತದ್ದು ಅದರಿಂದಲ್ಲ.

ಅವು ಎರಡು ಸಾವಿರದ ಇಸವಿ ದಾಟಿದ ವರ್ಷಗಳು. ಗಿಣಿಗೇರಾದ ಸುತ್ತ ಕಾರ್ಖಾನೆಗಳು ಎದ್ದು ನಿಂತಿದ್ದವು. ನಮ್ಮೂರ ಪಕ್ಕದ ಒಂದು ಉಕ್ಕಿನ ಕಾರ್ಖಾನೆಗೆ ಹೊಸ ಕುಲುಮೆ ಚಾಲೂ ಮಾಡಿಕೊಡಲು ಚೀನಾದವರು ಬಂದಿದ್ದರು. ಅವರು ಮಾತಾಡಿದ್ದು ನಮ್ಮವರಿಗೆ ತಿಳಿಯುತ್ತಿರಲಿಲ್ಲ, ನಮ್ಮವರು ಮಾತಾಡಿದ್ದು ಅವರಿಗೆ ತಿಳಿಯುತ್ತಿರಲಿಲ್ಲ. ನಡುವೆ ಇದ್ದದ್ದು ಒಬ್ಬಳೇ ದುಭಾಷಿ, ಚೀನಾದಿಂದಲೇ ಬಂದ ಇಪ್ಪತ್ತೈದರ ಹುಡುಗಿ. ಕುಲುಮೆಯ ಹತ್ತಿರ ಒಂದು ಗಳಿಗೆಯಲ್ಲಿ ಹತ್ತು ಮಂದಿ ಹತ್ತು ಕಡೆಯಿಂದ ಕೂಗುತ್ತಾರೆ. ಒಬ್ಬಳು ಎಷ್ಟು ಕಡೆ ಓಡಿಯಾಳು? ಹಾಗಾಗಿ ಕಾರ್ಖಾನೆಯವರು ಒಂದು ನಿರ್ಧಾರ ಮಾಡಿದರು: ಹೊಸ ಕಂಟ್ರೋಲ್ ರೂಮಿನಲ್ಲಿ ನಾಲ್ಕು ಕುರ್ಚಿ ಇವೆ, ಅಲ್ಲಿ ಕೂರುವವರಿಗೆ ಒಂದಷ್ಟು ಚೀನಾ ಭಾಷೆ ಬರಬೇಕು. ಒಂಬತ್ತು ಮಂದಿಯನ್ನು ಆರಿಸಿ, ಎರಡು ತಿಂಗಳು ಕಲಿಸಿ, ಪರೀಕ್ಷೆ ಮಾಡಿ ನಾಲ್ವರನ್ನು ಕೂರಿಸುವುದು.

ಒಂಬತ್ತು ಮಂದಿಯಲ್ಲಿ ಆರು ಜನ ನನ್ನ ಹಳೆಯ ವಿದ್ಯಾರ್ಥಿಗಳು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ದುಭಾಷಿ ಹುಡುಗಿಗೆ ಕನ್ನಡ ಇಲ್ಲವೇ ಇಲ್ಲ. ಒಂದು ಸಂಜೆ ಕಾರ್ಖಾನೆಯ ತರಬೇತಿ ಅಧಿಕಾರಿ ನಮ್ಮ ಮನೆಗೆ ಬಂದು, ‘ಅಕ್ಕೋರ, ನೀವ ಕುಂದ್ರಬೇಕ್ರಿ. ಆಕಿ ಇಂಗ್ಲಿಷಿನ್ಯಾಗ ಹೇಳ್ತಾಳ, ನೀವು ಕನ್ನಡದಾಗ ತಿಳಿಸ್ರಿ. ಆಕಿ ವಾರದಾಗ ಎರಡ ದಿನ ಬರ್ತಾಳ. ಉಳಿದ ದಿನ ಮಂದಿನ್ನ ಓದಿಸ್ರಿ’ ಎಂದರು. ನಾನು ಸ್ವಲ್ಪ ಬಿಗುಮಾನ ಮಾಡಿದೆ. ನನ್ನ ಗಂಡ ‘ಹೂಂ ಅನ್ನು, ಮನ್ಯಾಗಿದ್ದು ನನ್ನ ಓದಿಸಾಕತ್ತೀ’ ಎಂದರು. ಹೂಂ ಎಂದೆ.

ಮೊದಲ ದಿನವೇ ಆ ಹುಡುಗಿ ಬೋರ್ಡಿನ ಮೇಲೆ ಇಂಗ್ಲಿಷ್ ಅಕ್ಷರಗಳನ್ನು ಬರೆದು ತಲೆಯ ಮೇಲೆ ಗೆರೆ ಎಳೆದಳು. ಇದಕ್ಕೆ ಪಿನ್‌ಯಿನ್ ಎನ್ನುತ್ತಾರಂತೆ. ಚೀನಾದ ಚಿತ್ತಾರದ ಅಕ್ಷರ ಬರದವರು ಉಚ್ಚಾರ ಕಲಿಯಲು ಇದನ್ನು ಓದುತ್ತಾರೆ. ತಲೆಯ ಗೆರೆ ದನಿಯ ಏರಿಳಿತ ತೋರಿಸುತ್ತದೆ, ಅದನ್ನು ನಾನು ‘ಸ್ವರ’ ಎಂದು ಕರೆದೆ. ಅಡ್ಡ ಗೆರೆ ಮೊದಲನೆಯ ಸ್ವರ, ಏರುವ ಗೆರೆ ಎರಡನೆಯದು, ತಗ್ಗಿಗೆ ಇಳಿದು ಮೇಲೆ ಬರುವ ಗೆರೆ ಮೂರನೆಯದು, ಇಳಿಯುವ ಗೆರೆ ನಾಲ್ಕನೆಯದು. ಗೆರೆ ಇಲ್ಲದಿದ್ದರೆ ಹಗುರವಾಗಿ, ಚಿಕ್ಕದಾಗಿ ಹೇಳಿ ಬಿಟ್ಟುಬಿಡುವುದು.

ನಮ್ಮವರು ಬಾಯಿ ಬಿಟ್ಟುಕೊಂಡು ಕೂತರು. ನಾನು ನನ್ನ ರೀತಿಯಲ್ಲಿ ತಿಳಿಸಿದೆ. ‘ಮೊದಲನೆಯದು ನಿಮ್ಮ ಕಾರ್ಖಾನೆ ಸೈರನ್, ಒಂದೇ ಮಟ್ಟ. ಎರಡನೆಯದು ನಿಮ್ಮನ್ನ ಯಾರರ ಕರೆದರ ‘ಏನ್?’ ಅಂತೀರಲ್ಲ, ಅದು. ನಾಲ್ಕನೆಯದು ನಾನು ‘ಸಾಕು!’ ಅನ್ನೋದು. ಮೂರನೆಯದು ನಮ್ಮ ಮನಿಯವರಿಗೆ ಸಂತಿಗೆ ಹೋಗಿ ಬರ್ರಿ ಅಂದ್ರ ‘ಹೂಂಂಂ’ ಅಂತಾರಲ್ಲ, ಕೆಳಗಿಳಿದು, ಅಲ್ಲೇ ಸ್ವಲ್ಪ ಕುಂತು, ಆಮ್ಯಾಲೆ ಎದ್ದು ಬರೋದು.’ ಎಲ್ಲರೂ ನಕ್ಕರು. ಚೀನಾದ ಹುಡುಗಿಗೆ ಏಕೆ ನಕ್ಕರು ಎಂದು ತಿಳಿಯಲಿಲ್ಲ, ಆದರೂ ಅವಳೂ ನಕ್ಕಳು. ಅವಳಿಗೆ ಮಂದಿ ‘ಲಾವ್‌ಶೀ’ ಎನ್ನತೊಡಗಿದರು. ಅವರ ಭಾಷೆಯಲ್ಲಿ lǎoshī ಎಂದರೆ ಶಿಕ್ಷಕಿ. ನಾನು ಅಕ್ಕೋರು, ಅವಳು ಲಾವ್‌ಶೀ.

ಗೆರೆ ಯಾವ ಅಕ್ಷರದ ಮೇಲೆ ಹಾಕಬೇಕು ಎನ್ನುವುದಕ್ಕೂ ನಿಯಮ ಇತ್ತು. ಅದನ್ನು ಮನೆಯ ರುಮಾಲಿನ ಲೆಕ್ಕದಲ್ಲಿ ಹೇಳಿದೆ. ಶಬ್ದದ ಮನೆಯಲ್ಲಿ a ಇದ್ದರೆ ರುಮಾಲು ಅವನಿಗೇ, ಅವನು ಯಜಮಾನ. ಅವನಿಲ್ಲದಿದ್ದರೆ o ಅಥವಾ e. ಆ ಮೂವರೂ ಇಲ್ಲದೆ i ಮತ್ತು u ಇಬ್ಬರೇ ಇದ್ದರೆ ಕೊನೆಗೆ ಬಂದವನಿಗೆ. ಅದಕ್ಕೇ ಒಂಬತ್ತು ಎನ್ನುವುದು jiǔ, ಗೆರೆ u ಮೇಲೆ. ನೀರು ಎನ್ನುವುದು shuǐ, ಗೆರೆ i ಮೇಲೆ. i ರುಮಾಲು ಸುತ್ತಿದರೆ ತಲೆಯ ಚುಕ್ಕೆ ತೆಗೆಯಬೇಕು. ಇದನ್ನು ನಮ್ಮವರು ಎರಡು ದಿನದಲ್ಲಿ ಕಲಿತರು. ರುಮಾಲು ಯಾರಿಗೆ ಎನ್ನುವ ಜಗಳ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ?

ಕಷ್ಟ ಶುರುವಾದದ್ದು ಮೂರನೆಯ ಸ್ವರದ ಬದಲಾವಣೆಯಿಂದ. ಮೂರನೆಯ ಸ್ವರದವರು ಇಬ್ಬರು ಪಕ್ಕ ಪಕ್ಕ ಬಂದರೆ ಮೊದಲನೆಯವನು ಎರಡನೆಯ ಸ್ವರಕ್ಕೆ ತಿರುಗುತ್ತಾನೆ. nǐ hǎo ಎಂದು ಬರೆದಿರುತ್ತದೆ, ಹೇಳುವಾಗ ನೀ ಏರುತ್ತದೆ, ಹಾವ್ ತಗ್ಗಿಗೆ ಇಳಿಯುತ್ತದೆ. ಆದರೆ ಬರೆಯುವುದು ಮಾತ್ರ ಮೂರನೆಯ ಗೆರೆಯೇ. ನಾನು ಇದಕ್ಕೆ ತಕರಾರು ತೆಗೆದೆ. ಕನ್ನಡದಲ್ಲಿ ಬೆಟ್ಟಕ್ಕೆ ತಾವರೆ ಸೇರಿದರೆ ಬೆಟ್ಟದಾವರೆ ಎಂದೇ ಬರೆಯುತ್ತೇವೆ, ನೀವು ಬದಲಾದದ್ದನ್ನು ಬರೆಯದೆ ಮುಚ್ಚಿಡುತ್ತೀರಲ್ಲ ಎಂದೆ. ಹುಡುಗಿ ತನಗೆ ಬಂದಷ್ಟು ಸರಳ ಇಂಗ್ಲಿಷಿನಲ್ಲಿ, ಪ್ರತಿ ಶಬ್ದಕ್ಕೂ ತನ್ನ ಮನೆ ಗೊತ್ತಿರಬೇಕು, ಬೀದಿಯಲ್ಲಿ ಯಾರ ಜೊತೆ ನಡೆಯುತ್ತಾನೋ ಅದರ ಮೇಲೆ ಅವನ ನಡಿಗೆ ಬದಲಾದರೂ ಹೆಸರು ಬದಲಾಗುವುದಿಲ್ಲ ಎಂದಳು. ಆಯಿತು ಎಂದೆ. ನನಗೆ ಒಪ್ಪಿಗೆಯಾಗಿರಲಿಲ್ಲ, ಆದರೆ ಅವಳು ಅತಿಥಿ.

ಇನ್ನೊಂದು ಮಾತನ್ನು ಅವಳು ಮತ್ತೆ ಮತ್ತೆ ಹೇಳುತ್ತಿದ್ದಳು. ಮೂರನೆಯ ಸ್ವರದ ಮುಂದೆ ಬೇರೆ ಸ್ವರ ಬಂದರೆ ಮೇಲೆ ಏರಲು ಹೋಗಬೇಡಿ, ಕೆಳಗೇ ಉಳಿಯಿರಿ. lǎoshī ಎನ್ನುವಾಗ lǎo ತಗ್ಗಿನಲ್ಲಿಯೇ ಇರುತ್ತದೆ, ಏರುವುದಿಲ್ಲ. ಪೂರ್ತಿ ಇಳಿದು ಏರುವುದು ಒಂಟಿಯಾಗಿದ್ದಾಗ ಅಥವಾ ಕೊನೆಗೆ ನಿಂತಾಗ. ನಾನು ಅದನ್ನು ಬರೆದುಕೊಂಡೆ. ಬರೆದುಕೊಂಡದ್ದನ್ನು ಪಾಲಿಸಬೇಕು ಎನ್ನುವುದು ನನಗೆ ಹೊಳೆಯಲಿಲ್ಲ.

ಈಗ ಆ ಒಂಬತ್ತು ಮಂದಿಯಲ್ಲಿ ಒಬ್ಬನ ಮಾತು. ಅವನು ಕರಗಿದ ಕಬ್ಬಿಣದ ಬಕೆಟ್ ಎತ್ತುವ ಕ್ರೇನ್ ನಡೆಸುತ್ತಿದ್ದ. ಮೂವತ್ತೈದು ವಯಸ್ಸು, ಮಾತು ಕಡಿಮೆ. ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ನನಗೆ ಅವನು ಚೆನ್ನಾಗಿ ನೆನಪಿದ್ದ. ಎರಡನೆಯ ಇಯತ್ತೆಯಲ್ಲಿ ಎಲ್ಲರೂ ಸೇರಿ ‘ಎರಡೊಂದ್ಲೆ ಎರಡು, ಎರಡೆರಡ್ಲೆ ನಾಕು’ ಎಂದು ರಾಗವಾಗಿ ಮಗ್ಗಿ ಹೇಳುವಾಗ ಈ ಒಬ್ಬ ಅರ್ಧ ಹೆಜ್ಜೆ ಹಿಂದೆ, ರಾಗ ಇಲ್ಲದೆ, ಸಪ್ಪೆಯಾಗಿ ಹೇಳುತ್ತಿದ್ದ. ಇಡೀ ತರಗತಿ ತಪ್ಪಿಬಿಡುತ್ತಿತ್ತು. ಒಮ್ಮೆ ಸಾಹೇಬರು ತಪಾಸಣೆಗೆ ಬರುವ ದಿನ ನಾನು, ‘ನೀ ಬಾಯಿ ಮುಚ್ಚಿಕೊಂಡು ಕುಂದ್ರು, ಇವರು ಹೇಳ್ಲಿ’ ಎಂದಿದ್ದೆ. ಅವನು ಕೂತ. ಸಾಹೇಬರು ಹೋದ ಮೇಲೂ ಕೂತ. ಏಳನೆಯ ಇಯತ್ತೆ ಮುಗಿದು ಶಾಲೆ ಬಿಡುವವರೆಗೂ ಅವನು ಕೂಡಿ ಹೇಳುವಲ್ಲಿ ಬಾಯಿ ತೆರೆಯಲಿಲ್ಲ. ನನಗೆ ಅನುಕೂಲವೇ ಆಗಿತ್ತು, ನಾನು ಕೇಳಲೂ ಇಲ್ಲ.

ಎರಡನೆಯ ವಾರ ಅವನು ತರಗತಿ ಮುಗಿದ ಮೇಲೆ ಬಾಗಿಲಲ್ಲಿ ನಿಂತ. ‘ಅಕ್ಕೋರ, ನನಗ ಆ ಕುರ್ಚಿ ಬೇಕ್ರಿ. ಎರಡ ತಿಂಗಳಿಗೆ ರಿಮೋಟಿನ ಕ್ರೇನ್ ಬರ್ತೈತಿ. ಮ್ಯಾಲೆ ಕುಂತು ನಡಸೋರು ಯಾರೂ ಬೇಕಾಗಂಗಿಲ್ಲ. ಕುರ್ಚಿ ಸಿಗಲಿಲ್ಲಂದ್ರ ನನ್ನ ಮತ್ತ ಯಾರ್ಡಿಗೆ ಹಾಕ್ತಾರ, ಅದಿರು ಹೊರಾಕ. ಹದಿನಾಕು ವರ್ಷ ಹಿಂದ ಅಲ್ಲೇ ಶುರು ಮಾಡೀನ್ರಿ.’ ಇಷ್ಟು ಉದ್ದದ ಮಾತು ಅವನ ಬಾಯಿಂದ ನಾನು ಎಂದೂ ಕೇಳಿರಲಿಲ್ಲ. ‘ಓದು, ಸಿಗ್ತೈತಿ’ ಎಂದೆ. ಬೇರೆ ಏನು ಹೇಳಲಿ?

ಲಾವ್‌ಶೀ ಬಾರದ ದಿನಗಳಲ್ಲಿ ನಾನು ನನಗೆ ಗೊತ್ತಿದ್ದದ್ದನ್ನೇ ಮಾಡಿದೆ. ಅಭ್ಯಾಸದ ಹಾಳೆಯಲ್ಲಿ ಇಪ್ಪತ್ತು ಜೋಡಿ ಶಬ್ದ ಇದ್ದವು. nǐ hǎo, ನಮಸ್ಕಾರ. hěn hǎo, ಭಾಳ ಛಲೋ. kěyǐ, ಆಗಬಹುದು. wǔ bǎi, ಐನೂರು. tiěshuǐ, ಕಬ್ಬಿಣದ ನೀರು, ಅಂದರೆ ಕರಗಿದ ಕಬ್ಬಿಣ. ನಡುನಡುವೆ lǎoshī ಎನ್ನುವಂಥವೂ ಇದ್ದವು. ನಾನು ಕೋಲಿನಿಂದ ಮೇಜು ತಟ್ಟಿದೆ, ಮಂದಿ ಕೂಡಿ ಹೇಳಿದರು. ಮೂರೇ ದಿನದಲ್ಲಿ ಇಪ್ಪತ್ತೂ ಬಾಯಿಪಾಠ. ಎಂಥ ಸೊಗಸು! ನಲವತ್ತರ ಗಂಡಸರು, ಗಡ್ಡ ಮೀಸೆ ಇರುವವರು, ತಲೆ ಅಲ್ಲಾಡಿಸುತ್ತ ಒಂದೇ ಉಸಿರಿಗೆ ಹೇಳುವುದನ್ನು ಕೇಳಿ ನನಗೆ ನನ್ನ ಸಾಲಿ ವಾಪಸು ಬಂದ ಹಾಗಾಯಿತು. ಖರೇ ಹೇಳುತ್ತೇನೆ, ನನಗೆ ಭಾಳ ಖುಷಿಯಾಗಿತ್ತು.

ಒಬ್ಬನನ್ನು ಬಿಟ್ಟು. ಕ್ರೇನಿನವನು ಅರ್ಧ ಹೆಜ್ಜೆ ಹಿಂದೆ, ತನ್ನದೇ ದನಿಯಲ್ಲಿ ಏನೋ ಹೇಳುತ್ತಿದ್ದ. ಅವನಿಂದ ಮುಂದಿನ ಬೆಂಚಿನವರು ತಪ್ಪುತ್ತಿದ್ದರು. ಮೂರನೆಯ ದಿನ ನನ್ನ ಕೋಲು ನಿಂತಿತು. ‘ಏ, ನೀನು ಇನ್ನೂ ಹಂಗ ಅದೀ? ಬಾಯಿ ಮುಚ್ಚಿಕೊಂಡು ಕುಂದ್ರು, ಇವರು ಹೇಳ್ಲಿ’ ಎಂದೆ. ಅದೇ ಮಾತು, ಮಧ್ಯೆ ಇಪ್ಪತ್ತೆಂಟು ವರ್ಷ. ಎಲ್ಲರೂ ನಕ್ಕರು, ಅವನೂ ನಕ್ಕ. ಬಾಯಿ ಮುಚ್ಚಿದ.

ಒಂದು ಬುಧವಾರ ಲಾವ್‌ಶೀ ಬಂದಾಗ ನಾನು ಹೆಮ್ಮೆಯಿಂದ ಇಡೀ ಹಾಳೆ ಹೇಳಿಸಿದೆ. ಅವಳು ತಲೆ ಓರೆ ಮಾಡಿ ಕೇಳಿ, ಚೆನ್ನಾಗಿದೆ, ಆದರೆ ಒಬ್ಬೊಬ್ಬರೇ ಹೇಳಲಿ ಎಂದಳು. ನಾನು ‘ಹೇಳ್ತಾರ, ಹೇಳ್ತಾರ, ಇನ್ನೊಂದು ವಾರ ಹೋಗ್ಲಿ’ ಎಂದೆ. ಒಂಟಿಯಾಗಿ ಎಬ್ಬಿಸಿದರೆ ಅವರಿಗೆ ನಾಚಿಕೆ ಎಂದು ನನ್ನ ನೆಪ. ನಿಜ ಹೇಳಬೇಕೆಂದರೆ, ಮಗ್ಗಿಯ ತರಗತಿಯನ್ನು ಒಡೆಯಲು ನನಗೆ ಮನಸ್ಸಿರಲಿಲ್ಲ. ಅವಳು ‘ಊಟ ಆತೇನ್ರಿ’ ಎಂದು ಮಾತು ಬದಲಿಸಿದಳು. ಅದು ಅವಳಿಗೆ ಬರುತ್ತಿದ್ದ ಒಂದೇ ಕನ್ನಡದ ಮಾತು, ಅದನ್ನೂ ‘ಊಟ’ಕ್ಕೆ ನಾಲ್ಕನೆಯ ಸ್ವರ ಹಾಕಿ ಬೈದಂತೆ ಹೇಳುತ್ತಿದ್ದಳು. ನಾನು ತಿದ್ದಿದೆ. ನನ್ನ ತಪ್ಪು ಬಿಟ್ಟು ಲೋಕದ ತಪ್ಪನ್ನೆಲ್ಲ ತಿದ್ದುವ ಚಟ ನನಗೆ ಮೊದಲಿನಿಂದಲೂ ಇದೆ.

ಪರೀಕ್ಷೆಯ ದಿನ ಬಂತು. ಮೊದಲು ಬರವಣಿಗೆ. ಗೆರೆ ಇಲ್ಲದ ಇಪ್ಪತ್ತು ಶಬ್ದಗಳ ಹಾಳೆ ಕೊಟ್ಟರು. ಲಾವ್‌ಶೀ ಒಂದೊಂದನ್ನೇ ಓದಿದಳು, ಇವರು ಗೆರೆ ಹಾಕಬೇಕು. ಅದರಲ್ಲಿ ಒಂದು ಮೋಸ ಇತ್ತು: ಅವಳು tiěshuǐ ಓದುವಾಗ ಮೊದಲನೆಯದು ಏರುತ್ತದೆ, ಕಿವಿಗೆ ಬಿದ್ದಂತೆ ಬರೆದರೆ ತಪ್ಪು, ಮೂರನೆಯ ಗೆರೆಯನ್ನೇ ಹಾಕಬೇಕು. ನಮ್ಮವರಿಗೆ ಆ ಹೆದರಿಕೆ ಇರಲಿಲ್ಲ, ಪಟ್ಟಿ ಬಾಯಿಪಾಠವಾಗಿತ್ತು. ಒಂಬತ್ತೂ ಜನ ಹದಿನೆಂಟು, ಹತ್ತೊಂಬತ್ತು ಅಂಕ ತೆಗೆದರು. ನಾನು ಗೋಡೆಗೆ ಒರಗಿ ಸೆರಗು ಸರಿಮಾಡಿಕೊಂಡು ನಿಂತೆ. ಹೊಗಳಿದರೆ ಏನು ಹೇಳಬೇಕು ಎಂದು ಮನಸ್ಸಿನಲ್ಲಿಯೇ ತಯಾರಿ ನಡೆದಿತ್ತು.

ಆಮೇಲೆ ಓದುವುದು. ಕೆಲಸದಲ್ಲಿ ಮಾತೆಲ್ಲ ವಾಕಿಟಾಕಿಯಲ್ಲಿ ಆಗುವುದರಿಂದ ಪರೀಕ್ಷೆಯೂ ಹಾಗೇ. ಲಾವ್‌ಶೀ ಮತ್ತು ಕುಲುಮೆಯ ಚೀನಾ ಮೇಸ್ತ್ರಿ ಪಕ್ಕದ ಕೋಣೆಯಲ್ಲಿ ಕೂತರು. ತರಗತಿಯಲ್ಲಿ ನಾನು ಕಾವಲು. ಒಬ್ಬೊಬ್ಬರೇ ಮುಂದೆ ಬಂದು, ಹಾಳೆ ನೋಡಿ, ಗುಂಡಿ ಒತ್ತಿ ಇಪ್ಪತ್ತು ಜೋಡಿ ಹೇಳಬೇಕು. ಉಳಿದವರು ಹೊರಗೆ ಬೇವಿನ ಗಿಡದ ಕೆಳಗೆ.

ಮೊದಲನೆಯವನು ಗುಂಡಿ ಒತ್ತಿದ. ‘ನೀ ಹಾವ್, ಹೆನ್ ಹಾವ್, ಖೆ ಯಿ...’ ಕೂಡಿ ಹೇಳುವಾಗ ಮುಚ್ಚಿಹೋಗಿದ್ದದ್ದು ಒಂಟಿ ದನಿಯಲ್ಲಿ ಬೆತ್ತಲೆ ನಿಂತಿತ್ತು. ಅದು ಚೀನಾ ಭಾಷೆಯಲ್ಲ. ಎರಡರ ಮಗ್ಗಿ! ಎರಡೊಂದ್ಲೆ ಎನ್ನುವಾಗ ದನಿ ಏರುತ್ತದೆ, ಎರಡು ಎನ್ನುವಾಗ ಥಟ್ಟನೆ ಬೀಳುತ್ತದೆ. ಅದೇ ರಾಗದಲ್ಲಿ ಪ್ರತಿ ಜೋಡಿಯ ಮೊದಲನೆಯದು ಏರಿತು, ಎರಡನೆಯದು ಬಿತ್ತು. ಮೂರನೆಯ ಸ್ವರದವರು ಇಬ್ಬರು ಕೂಡಿದಲ್ಲಿ ಮೊದಲನೆಯದು ಏರಬೇಕಾದದ್ದೇ, ಅದೃಷ್ಟಕ್ಕೆ ಅದು ಸರಿ. ಕೊನೆಯದು ತಗ್ಗಿಗೆ ಇಳಿಯಬೇಕಾದದ್ದು ನಾಲ್ಕನೆಯ ಸ್ವರದಂತೆ ದಬ್ಬನೆ ಬಿದ್ದಿತ್ತು. ಕೆಳಗೇ ಉಳಿಯಬೇಕಾದ lǎoshī ಕೂಡ ಏರಿ ಬಿತ್ತು. ಶಿಕ್ಷಕಿಯನ್ನೇ ಮಗ್ಗಿಗೆ ಕೂರಿಸಿದ್ದೆ ನಾನು.

ಎರಡನೆಯವನು ಬಂದ, ಅದೇ ಮಗ್ಗಿ. ಮೂರನೆಯವನು, ಅದೇ. ನಾಲ್ಕನೆಯವನ ಹೊತ್ತಿಗೆ ಪಕ್ಕದ ಕೋಣೆಯಿಂದ ಮೇಸ್ತ್ರಿಯ ನಗು ಗೋಡೆ ದಾಟಿ ಬಂತು. ಲಾವ್‌ಶೀ ಬಾಗಿಲಿಗೆ ಬಂದು ಮುಖ ಸಣ್ಣ ಮಾಡಿಕೊಂಡು ಕೇಳಿದಳು: ಎಲ್ಲರೂ ಒಂದೇ ಹಾಡು ಹಾಡುತ್ತಾರಲ್ಲ, ಇದು ನಿಮ್ಮ ಪ್ರಾರ್ಥನೆಯೇ? ನನಗೆ ಭೂಮಿ ಬಾಯಿ ಬಿಡಬಾರದೆ ಎನಿಸಿತು. ‘ಪ್ರಾರ್ಥನೆ ಅಲ್ಲವ್ವಾ, ಗಣಿತ’ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆಗದಿರುವುದೇ ಒಳ್ಳೆಯದಾಯಿತು.

ಎಂಟು ಜನ ಮುಗಿದರು. ಎಂಟೂ ಮಗ್ಗಿ. ಹೊರಗೆ ಅವರು ಮೀಸೆ ತಿರುವುತ್ತ ನಗುತ್ತಿದ್ದರು, ಛಲೋ ಆತು ಎಂದು ಒಬ್ಬರಿಗೊಬ್ಬರು ಹೇಳುತ್ತಿದ್ದರು. ನನಗೆ ಅವರ ಮುಖ ನೋಡುವ ಧೈರ್ಯ ಇರಲಿಲ್ಲ.

ಒಂಬತ್ತನೆಯವನು ಕ್ರೇನಿನವನು. ಒಳಗೆ ಬಂದ, ವಾಕಿಟಾಕಿ ಎತ್ತಿಕೊಂಡ, ಗುಂಡಿ ಒತ್ತಿದ. ಬಾಯಿ ತೆರೆದ. ನನ್ನನ್ನು ನೋಡಿದ. ಮುಚ್ಚಿದ. ಗುಂಡಿಯಿಂದ ಬೆರಳು ತೆಗೆದ. ಮತ್ತೆ ಒತ್ತಿದ. ಮತ್ತೆ ನನ್ನನ್ನು ನೋಡಿದ. ಆ ಕಡೆಯಿಂದ ಲಾವ್‌ಶೀ ಹೇಳು, ಹೇಳು ಎನ್ನುತ್ತಿದ್ದಳು. ಎರಡು ತಿಂಗಳು ಕಾದ ಕುರ್ಚಿ, ಹದಿನಾಲ್ಕು ವರ್ಷ ಹಿಂದಿನ ಯಾರ್ಡು, ಎಲ್ಲ ಆ ಗುಂಡಿಯ ಮೇಲೆ ಇತ್ತು, ಅವನ ಬಾಯಿ ಏಳಲಿಲ್ಲ.

‘ಹೇಳಪ್ಪಾ’ ಎಂದೆ. ದನಿ ಮೆತ್ತಗೆ ಮಾಡಲು ನೋಡಿದೆ, ನನ್ನ ದನಿಗೆ ಮೆತ್ತಗೆ ಗೊತ್ತಿಲ್ಲ.

ಅವನು ವಾಕಿಟಾಕಿಯನ್ನು ಮೇಜಿನ ಮೇಲಿಟ್ಟು, ಕೈ ಕಟ್ಟಿಕೊಂಡು, ಎರಡನೆಯ ಇಯತ್ತೆಯವನಂತೆ ನಿಂತ. ‘ಅಕ್ಕೋರ, ಸಿಟ್ಟಿಗೇಳಬ್ಯಾಡ್ರಿ. ನೀವು ಒಂದ್ ಸ್ವಲ್ಪ ಹೊರಗ ಹೋಗ್ತೀರೇನ್ರಿ? ನೀವು ಎದುರಿಗಿದ್ರ ನನಗ ಬಾಯಿ ಬರಂಗಿಲ್ರಿ.’

ಮೂವತ್ತೊಂದು ವರ್ಷ ನಾನು ಮಕ್ಕಳನ್ನು ತರಗತಿಯಿಂದ ಹೊರಗೆ ಹಾಕಿದ್ದೇನೆ. ನನ್ನನ್ನು ಹೊರಗೆ ಹೋಗು ಎಂದವರು ಯಾರೂ ಇರಲಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾಚಿಕೆ ಬಂತು. ಅವನು ಕೇಳಿದ್ದರಲ್ಲಿ ಸೇಡು ಇರಲಿಲ್ಲ, ಅಣಕ ಇರಲಿಲ್ಲ, ಬಾಗಿಲು ಹಾಕಿ ಎನ್ನುವಷ್ಟೇ ಸಹಜವಾಗಿ ಕೇಳಿದ್ದ. ಅದಕ್ಕೇ ಹೆಚ್ಚು ನಾಟಿತು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.

ಬೇವಿನ ಗಿಡದ ಕೆಳಗಿನವರು ‘ಯಾಕ್ರಿ ಅಕ್ಕೋರ’ ಎಂದರು. ನಾನು ಪಕ್ಕದ ಕೋಣೆಗೆ ಹೋಗಿ ಲಾವ್‌ಶೀಯ ಹಿಂದೆ ನಿಂತೆ. ಮೇಜಿನ ಮೇಲೆ ವಾಕಿಟಾಕಿ ಗರಗರ ಎಂದಿತು. ಆಮೇಲೆ ಅವನ ದನಿ ಬಂತು.

‘ನೀ ಹಾವ್.’ ನೀ ಏರಿತು, ಹಾವ್ ತಗ್ಗಿಗೆ ಇಳಿದು ಅಲ್ಲಿಂದ ನಿಧಾನವಾಗಿ ಎದ್ದು ಬಂತು. ನಮ್ಮ ಮನೆಯವರ ಹೂಂಂಂ ಎನ್ನುವ ಹಾಗೇ. ನಡುವೆ ಒಂದು ಉಸಿರು ಬಿಟ್ಟ. ರಾಗ ಇಲ್ಲ, ತಾಳ ಇಲ್ಲ, ಒಂದೊಂದು ಜೋಡಿಯನ್ನೂ ಬೇರೆ ಬೇರೆ ಹಿಡಿದು ಕೆಳಗಿಟ್ಟ. lǎoshī ಬಂದಾಗ lǎo ಕೆಳಗೇ ಉಳಿಯಿತು, ಏರಲಿಲ್ಲ. ಲಾವ್‌ಶೀ ಪೆನ್ನು ಕೆಳಗಿಟ್ಟು ಕೇಳತೊಡಗಿದಳು. tiěshuǐ ಎಂದಾಗ ಮೇಸ್ತ್ರಿ ತನ್ನ ಕುರ್ಚಿಯಲ್ಲಿ ನೆಟ್ಟಗಾಗಿ ಕಿಟಕಿಯ ಕಡೆ ತಿರುಗಿದ, ಹೊರಗೆ ನಿಜಕ್ಕೂ ಕಬ್ಬಿಣ ಬಂತೇನೋ ಎಂದು ನೋಡುವವನಂತೆ. ಆಮೇಲೆ ತನಗೆ ತಾನೇ ನಕ್ಕು ಲಾವ್‌ಶೀಗೆ ಏನೋ ಹೇಳಿದ. ಅವಳು ನನಗೆ ಇಂಗ್ಲಿಷಿನಲ್ಲಿ ಹೇಳಿದಳು: ಇದು ನನ್ನದೇ ದನಿ ಎನ್ನುತ್ತಾನೆ ಮೇಸ್ತ್ರಿ.

ಹೌದಲ್ಲ! ಈ ಮೇಸ್ತ್ರಿ ದಿನಕ್ಕೆ ಇಪ್ಪತ್ತು ಸಲ ವಾಕಿಟಾಕಿಯಲ್ಲಿ ತನ್ನ ಭಾಷೆಯಲ್ಲಿ tiěshuǐ, tiěshuǐ, ಕಬ್ಬಿಣ ಬಂತು ಎಂದು ಕೂಗುತ್ತಿದ್ದ, ಕ್ರೇನಿನ ಮೇಲೆ ಒಬ್ಬನೇ ಕೂತು ಅದನ್ನು ಕೇಳುತ್ತಿದ್ದವನು ಇವನು. ಇವನಿಗೆ ಪಾಠ ಆಗುತ್ತಿದ್ದದ್ದು ಅಲ್ಲಿ. ನನ್ನ ತರಗತಿಗೆ ಬರುತ್ತಿದ್ದದ್ದು ಗೆರೆ ಹಾಕುವುದನ್ನು ಕಲಿಯಲು.

ಅಂದು ಒಂದೇ ಕುರ್ಚಿ ತುಂಬಿತು. ಉಳಿದ ಮೂರಕ್ಕೆ ಹದಿನೈದು ದಿನ ಬಿಟ್ಟು ಮತ್ತೆ ಪರೀಕ್ಷೆ ಎಂದರು. ನಾನು ಬೇವಿನ ಗಿಡದ ಕೆಳಗೆ ಹೋಗಿ ಎಂಟು ಜನರ ಎದುರು, ‘ತಪ್ಪು ನಿಮ್ಮದಲ್ಲ, ನಂದು. ನಾ ನಿಮಗ ಚೀನಾ ಕಲಿಸಲಿಲ್ಲ, ಮಗ್ಗಿ ಹೇಳಿಸೀನಿ’ ಎಂದೆ. ಅವರಲ್ಲಿ ಒಬ್ಬ, ‘ಹೋಗ್ಲಿ ಬಿಡ್ರಿ ಅಕ್ಕೋರ, ಮಗ್ಗಿ ಅಂತೂ ಪಕ್ಕಾ ಆತು’ ಎಂದ. ಆ ಮಾತಿಗೆ ನಾನೂ ನಗಬೇಕಾಯಿತು.

ಕ್ರೇನಿನವನು ಹೊರಗೆ ಬಂದಾಗ ನಾನೇ ಅವನ ಹತ್ತಿರ ಹೋದೆ. ‘ತಮ್ಮಾ, ಆವತ್ತೂ ನಾ ನಿನ್ನ ಬಾಯಿ ಮುಚ್ಚಿಸಬಾರದಿತ್ತು, ಈಗೂ ಮುಚ್ಚಿಸಬಾರದಿತ್ತು’ ಎಂದೆ.

ಅವನಿಗೆ ಸಂಕೋಚವಾಯಿತು. ನೆಲ ನೋಡಿಕೊಂಡು, ‘ಇರ್ಲಿ ಬಿಡ್ರಿ. ನೀವು ಬಾಯಿ ಮುಚ್ಚು ಅಂದ್ರಿ, ಕಿವಿ ಮುಚ್ಚು ಅನ್ನಲಿಲ್ಲಲ್ರಿ’ ಎಂದ. ಆಮೇಲೆ ಒಂದು ಸಣ್ಣ ನಗು ನಕ್ಕ. ಅವನು ಚೇಷ್ಟೆ ಮಾಡಬಲ್ಲ ಎನ್ನುವುದು ನನಗೆ ಇಪ್ಪತ್ತೆಂಟು ವರ್ಷ ಗೊತ್ತೇ ಇರಲಿಲ್ಲ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ. ಚಹಾದ ಕಪ್ಪು ಕೆಳಗಿಟ್ಟು, ‘ಹೊರಗ ಹೋಗು ಅಂದ ಕೂಡಲೆ ಹೋದ್ಯಾ? ನಾ ಅಂದಿದ್ರ ಹೋಗ್ತಿದ್ದಿಲ್ಲ’ ಎಂದರು. ಅದು ನಿಜ.

ಮರುದಿನದಿಂದ ಕೋಲು ಮನೆಯಲ್ಲೇ ಉಳಿಯಿತು. ಲಾವ್‌ಶೀ ಬೆಂಚುಗಳನ್ನು ಸುತ್ತಲೂ ಹಾಕಿಸಿದಳು. ಕ್ರೇನಿನವನು ಡ್ಯೂಟಿ ಮುಗಿಸಿ ಬಂದು ಒಂದು ಜೋಡಿ ಹೇಳುವುದು, ಒಬ್ಬೊಬ್ಬರೇ ಅದನ್ನು ಹೇಳುವುದು, ಕೂಡಿ ಹೇಳುವುದಿಲ್ಲ. ಎಂಟು ಜನರ ನಾಲಗೆಯಿಂದ ಮಗ್ಗಿ ಇಳಿಸುವುದು ಅದನ್ನು ಹತ್ತಿಸಿದ್ದಕ್ಕಿಂತ ಕಷ್ಟವಾಗಿತ್ತು. ಕೆಲವರು ಏರುವಲ್ಲಿ ಕೈ ಎತ್ತುತ್ತಿದ್ದರು, ತಗ್ಗುವಲ್ಲಿ ಗದ್ದ ಎದೆಗೆ ಒತ್ತುತ್ತಿದ್ದರು. ಒಬ್ಬನಂತೂ ಮೂರನೆಯ ಸ್ವರಕ್ಕೆ ಬೆಂಚಿನಿಂದ ಅರ್ಧ ಎದ್ದು ಕೂರುತ್ತಿದ್ದ.

ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕ, ನಾನು ಕೂತಿದ್ದೆ. ಎಂಟು ಜನರದೂ ಮುಗಿದ ಮೇಲೆ ಕ್ರೇನಿನವನು ನನ್ನ ಕಡೆ ನೋಡಿದ. ‘ಅಕ್ಕೋರ, ಈಗ ನೀವ್ರಿ’ ಎಂದ. ಎಲ್ಲರೂ ಹಿಂದೆ ತಿರುಗಿದರು. ಇಷ್ಟು ದಿನ ನಾನು ಒಂಟಿಯಾಗಿ ಒಂದು ಶಬ್ದವನ್ನೂ ಹೇಳಿರಲಿಲ್ಲ ಎನ್ನುವುದು ಆಗ ನನಗೆ ಗೊತ್ತಾಯಿತು. ಎದ್ದು ನಿಂತೆ. tiěshuǐ ಎಂದೆ.

‘ಅಕ್ಕೋರ’ ಎಂದ ಅವನು, ಭಾಳ ವಿನಯದಿಂದ, ‘ನೀವು ಹಾಡಾಕತ್ತೀರಿ.’

ಎಂಟು ಜನ ಹೋ ಎಂದು ನಕ್ಕರು. ಬಾಯಿ ಮುಚ್ಚಿಕೊಂಡು ಕುಂದ್ರು ಎನ್ನುವ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಇನ್ನೊಮ್ಮೆ ಹೇಳಿದೆ.